ಹತ್ತು ಪರ್ಸೆಂಟ್ ರಿಯಾಯಿತಿಯ ನಿಜವಾದ ಬೆಲೆ

ಲೆಕ್ಕಕ್ಕೆಂದು ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಚಿಕ್ಕಮಗಳೂರಿನ ಕಾಫಿಪುಡಿಯನ್ನು ಆನ್‌ಲೈನ್‌ನಲ್ಲಿ ಮಾರುವ ಸಣ್ಣ ಅಂಗಡಿ ಅದು. ಸರಾಸರಿ ಆರ್ಡರ್ ಜಿಎಸ್‌ಟಿ ಬಿಟ್ಟು 1000 ರೂಪಾಯಿ. ಬೀಜ ಕೊಂಡು, ಹುರಿದು, ಪುಡಿ ಮಾಡಿ ಪೊಟ್ಟಣಕ್ಕೆ ತುಂಬುವಷ್ಟರಲ್ಲಿ 600 ರೂಪಾಯಿ ಖರ್ಚಾಗಿರುತ್ತದೆ. ರಟ್ಟಿನ ಪೆಟ್ಟಿಗೆಗೂ ಪ್ಯಾಕಿಂಗ್ ಕೂಲಿಗೂ 30, ಹಣ ಪಾವತಿಯ ಗೇಟ್‌ವೇ ಶುಲ್ಕಕ್ಕೆ 20. ಕೊರಿಯರ್‌ನ 80 ರೂಪಾಯಿಯನ್ನು ಗಿರಾಕಿಯೇ ಬೇರೆಯಾಗಿ ಕೊಡುತ್ತಾರೆ. ಹಾಗಾಗಿ ಒಂದು ಆರ್ಡರ್‌ನಿಂದ ಕೈಗೆ ಉಳಿಯುವುದು 350 ರೂಪಾಯಿ. ಬಾಡಿಗೆ, ಸಂಬಳ, ಜಾಹೀರಾತು ಎಲ್ಲವೂ ಇದರಲ್ಲೇ ನಡೆಯಬೇಕು.

ಈಗ ಶೇ. 10ರ ಒಂದು ಕೋಡ್ ಬಿಡೋಣ. ಗಿರಾಕಿಗೆ ಸಿಗುವುದು ನೂರು ರೂಪಾಯಿ. ಬೆಲೆಯಲ್ಲಿ ಹತ್ತರಲ್ಲಿ ಒಂದು ಪಾಲು. ಆದರೆ ಬೀಜದ ಬೆಲೆ ಇಳಿಯಲಿಲ್ಲ, ರಟ್ಟಿನ ಬೆಲೆ ಇಳಿಯಲಿಲ್ಲ. ಆ ನೂರು ರೂಪಾಯಿ ಪೂರ್ತಿಯಾಗಿ 350ರಿಂದಲೇ ಹೋಯಿತು. (ಗೇಟ್‌ವೇ ಶುಲ್ಕ ಎರಡು ರೂಪಾಯಿ ಕಡಿಮೆಯಾದೀತು, ಅದನ್ನು ಬಿಡೋಣ.) ಉಳಿದದ್ದು 250. ಅಂದರೆ ಅಂಗಡಿಯವರು ಕೊಟ್ಟದ್ದು ತಮ್ಮ ಲಾಭದ ಸುಮಾರು ಶೇ. 29. ಮೊದಲು ನೂರು ಆರ್ಡರ್‌ನಿಂದ ಬರುತ್ತಿದ್ದ 35,000 ರೂಪಾಯಿ ಮತ್ತೆ ಬರಬೇಕಾದರೆ ಈಗ 140 ಆರ್ಡರ್ ಬೇಕು. ಕೋಡ್ ಬಿಡುವ ಮೊದಲು ಪ್ರತಿ ಅಂಗಡಿಯವರೂ ತಮ್ಮ ಲೆಕ್ಕದಲ್ಲಿ ಈ 140 ಎಷ್ಟೆಂದು ಕಂಡುಕೊಂಡಿರಬೇಕು. ಹಳೆಯ ಲಾಭವನ್ನು ಹೊಸ ಲಾಭದಿಂದ ಭಾಗಿಸಿದರೆ ಸಿಗುತ್ತದೆ, ಅಷ್ಟೇ. ಈ ಲೆಕ್ಕವನ್ನು ತೆರಿಗೆ ಬಿಟ್ಟ ಮೊತ್ತದ ಮೇಲೇ ಮಾಡಬೇಕು. 2017ರ ಜಿಎಸ್‌ಟಿ ಕಾಯಿದೆಯ 15(3)ನೇ ಕಲಮಿನ ಪ್ರಕಾರ, ಮಾರಾಟದ ಹೊತ್ತಿಗೇ ಕೊಟ್ಟು ಬಿಲ್ಲಿನಲ್ಲಿ ತೋರಿಸಿದ ರಿಯಾಯಿತಿಯನ್ನು ಕಳೆದ ಮೇಲಿನ ಮೊತ್ತಕ್ಕೆ ಮಾತ್ರ ತೆರಿಗೆ ಬೀಳುತ್ತದೆ.

ಒಂದೇ ಕೋಡ್ ಆದರೆ ಇಷ್ಟು. ಒಂದರ ಮೇಲೊಂದು ಕೂಪನ್ ಸೇರಿದಾಗ ಲೆಕ್ಕ ಬೇರೆಯೇ ಆಗುತ್ತದೆ. ನಮ್ಮ ಕಾಫಿ ಅಂಗಡಿಯಲ್ಲಿ ಮೂರು ಕೊಡುಗೆಗಳಿವೆ ಎನ್ನಿ: ಶೇ. 10ರ ಹಬ್ಬದ ಕೋಡ್, ಮೊದಲ ಆರ್ಡರ್‌ಗೆ 150 ರೂಪಾಯಿ ಕಡಿತ, ಜೊತೆಗೆ ಉಚಿತ ಡೆಲಿವರಿ. ಒಂದೊಂದನ್ನೇ ನೋಡಿದರೆ ಯಾವುದೂ ಹೆದರಿಸುವಂಥದ್ದಲ್ಲ. ಹಬ್ಬದ ಕೋಡ್‌ನಲ್ಲಿ 250 ಉಳಿಯುತ್ತದೆ, ಮೊದಲ ಆರ್ಡರ್ ಕೂಪನ್‌ನಲ್ಲಿ 200, ಉಚಿತ ಡೆಲಿವರಿಯಲ್ಲಿ 270. ಮೂರನ್ನೂ ಬೇರೆ ಬೇರೆ ಸಮಯದಲ್ಲಿ, ಬೇರೆ ಬೇರೆ ಜನ ತೀರ್ಮಾನಿಸಿರಬಹುದು. ಪ್ರತಿಯೊಬ್ಬರ ಲೆಕ್ಕವೂ ಸರಿಯೇ. ಆದರೆ ಒಬ್ಬ ಹೊಸ ಗಿರಾಕಿ ಮೂರನ್ನೂ ಒಂದೇ ಬಿಲ್ಲಿಗೆ ಹಾಕಿದಾಗ 1000 ರೂಪಾಯಿ 750ಕ್ಕೆ ಇಳಿಯುತ್ತದೆ, 80 ರೂಪಾಯಿ ಕೊರಿಯರ್ ಅಂಗಡಿಯ ತಲೆಗೆ ಬರುತ್ತದೆ. ಕೊನೆಗೆ ಉಳಿಯುವುದು 20 ರೂಪಾಯಿ.

ಆ 20 ರೂಪಾಯಿಯೂ ಗಟ್ಟಿಯಲ್ಲ. ಕ್ಯಾಶ್ ಆನ್ ಡೆಲಿವರಿಯಲ್ಲಿ ಗಿರಾಕಿ ಪೊಟ್ಟಣ ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಹೋಗುವ, ಬರುವ ಕೊರಿಯರ್ ಸೇರಿ 160, ಪ್ಯಾಕಿಂಗ್ 30, ಒಟ್ಟು 190 ರೂಪಾಯಿ ನಷ್ಟ. ಅದೂ ಪುಡಿ ಕೆಡದೆ ಮತ್ತೆ ಮಾರಾಟಕ್ಕೆ ಬಂದರೆ. ಹತ್ತು ಆರ್ಡರ್‌ಗಳಲ್ಲಿ ಒಂದು ಹೀಗೆ ವಾಪಸ್ ಬಂದರೂ ಉಳಿದ ಒಂಬತ್ತರಿಂದ ಬಂದ 180 ರೂಪಾಯಿ ಅಲ್ಲಿಗೆ ಮುಗಿಯಿತು. ಹಾಗಾಗಿ ಸರಾಸರಿ ರಿಯಾಯಿತಿ ಎಷ್ಟು ಎಂಬ ಒಂದೇ ಅಂಕಿಯನ್ನು ನಂಬಬಾರದು. ಆರ್ಡರ್‌ಗಳನ್ನು ಕೂಪನ್ ಇಲ್ಲದವು, ಒಂದು ಕೂಪನ್‌ನವು, ಎರಡು ಅಥವಾ ಹೆಚ್ಚು ಕೂಪನ್‌ನವು ಎಂದು ಬೇರ್ಪಡಿಸಿ, ವಾಪಸಾತಿಯ ಖರ್ಚನ್ನೂ ಕಳೆದು, ಪ್ರತಿ ಗುಂಪಿನಲ್ಲೂ ಉಳಿದ ರೂಪಾಯಿಯನ್ನು ನೋಡಬೇಕು. ನಷ್ಟವೆಲ್ಲ ಹೆಚ್ಚಾಗಿ ಕೊನೆಯ ಗುಂಪಿನಲ್ಲೇ ಕೂತಿರುತ್ತದೆ, ಸರಾಸರಿ ಅದನ್ನು ಮುಚ್ಚಿಡುತ್ತದೆ.

ಕೂಪನ್‌ಗಳು ಹೇಗೆ ಸೇರುತ್ತವೆ ಎಂಬುದನ್ನು ಅಂಗಡಿಯ ತಂತ್ರಾಂಶದ ಒಂದೆರಡು ಗುಂಡಿಗಳು ತೀರ್ಮಾನಿಸುತ್ತವೆ. ಅನೇಕರು ಅವನ್ನು ತೆರೆದೇ ನೋಡಿರುವುದಿಲ್ಲ. ವೂಕಾಮರ್ಸ್‌ನಲ್ಲಿ ಎರಡು ಶೇ. 20ರ ಕೂಪನ್ ಹಾಕಿದರೆ ಎರಡೂ ಮೂಲ ಬೆಲೆಯ ಮೇಲೇ ಬಿದ್ದು ಶೇ. 40 ಕಡಿತವಾಗುತ್ತದೆ. `Calculate coupon discounts sequentially` ಎಂಬುದನ್ನು ಆರಿಸಿದರೆ ಎರಡನೆಯದು ಇಳಿದ ಬೆಲೆಯ ಮೇಲೆ ಬಿದ್ದು ಶೇ. 36 ಆಗುತ್ತದೆ. ಕೂಪನ್‌ನ ಪುಟದಲ್ಲಿ `Individual use only` ಎಂದು ಗುರುತು ಹಾಕಿದರೆ ಅದು ಬೇರೆ ಯಾವ ಕೂಪನ್ ಜೊತೆಗೂ ಸೇರುವುದಿಲ್ಲ. ಶಾಪಿಫೈಯಲ್ಲಿ ಸರಕಿನ ರಿಯಾಯಿತಿ, ಒಟ್ಟು ಆರ್ಡರ್‌ನ ರಿಯಾಯಿತಿ, ಡೆಲಿವರಿಯ ರಿಯಾಯಿತಿ ಎಂದು ಬಗೆಗಳಿದ್ದು, ಯಾವುದು ಯಾವುದರ ಜೊತೆ ಸೇರಬಹುದೆಂದು ಪ್ರತಿ ಕೋಡ್‌ಗೂ ಗುರುತಿಸಬೇಕು. ಕಡಿತದ ಸರದಿಗೂ ಬೆಲೆಯಿದೆ. ನಮ್ಮ ಆರ್ಡರ್‌ನಲ್ಲಿ ಮೊದಲು ಶೇ. 10, ಆಮೇಲೆ 150 ಕಳೆದರೆ 750. ಮೊದಲು 150, ಆಮೇಲೆ ಶೇ. 10 ಕಳೆದರೆ 765. ಉಳಿಯುವುದೇ 20 ರೂಪಾಯಿ ಇರುವಲ್ಲಿ ಈ 15 ಸಣ್ಣದಲ್ಲ.

ಇಷ್ಟಾದ ಮೇಲೆ ಅಂಗಡಿಯವರು ಹೇಳುವ ಮಾತು ಒಂದಿದೆ: ‘ಈ ಸಲ ಕಡಿಮೆ ಉಳಿದರೂ ಪರವಾಗಿಲ್ಲ, ಗಿರಾಕಿ ಮತ್ತೆ ಬರುತ್ತಾರಲ್ಲ.’ ಬರುತ್ತಾರೆಯೇ? ಇದನ್ನು ಅಳೆಯುವಲ್ಲೇ ಹೆಚ್ಚಿನವರು ಎಡವುವುದು.

ಸಾಮಾನ್ಯವಾಗಿ ಮಾಡುವುದು ಹೀಗೆ: ಕೋಡ್ ಬಳಸಿದವರಲ್ಲಿ ಎಷ್ಟು ಜನ ಮತ್ತೆ ಕೊಂಡರು, ಬಳಸದವರಲ್ಲಿ ಎಷ್ಟು ಜನ ಎಂದು ಹೋಲಿಸುವುದು. ಈ ಹೋಲಿಕೆ ನಿಲ್ಲುವುದಿಲ್ಲ, ಏಕೆಂದರೆ ಆ ಇಬ್ಬರೂ ಮೊದಲಿನಿಂದಲೇ ಬೇರೆ ಬೇರೆ ಬಗೆಯ ಜನ. ಕೋಡ್ ಹುಡುಕಿಕೊಂಡು ಬರುವವರು ಮುಂದಿನ ಸಲ ಇನ್ನೊಂದು ಅಂಗಡಿಯ ಕೋಡ್ ಹುಡುಕಿಯಾರು. ಆಗ ಕೋಡ್ ಕೆಟ್ಟದೆಂದು ಕಾಣುತ್ತದೆ. ಪದೇ ಪದೇ ಕೊಳ್ಳುವ ಹಳಬರಿಗೇ ಕೋಡ್ ಕಳಿಸಿದ್ದರೆ ಅವರು ಹೇಗೂ ಬರುತ್ತಿದ್ದರು. ಆಗ ಕೋಡ್ ಅದ್ಭುತವೆಂದು ಕಾಣುತ್ತದೆ. ಎರಡೂ ಸಲ ನಾವು ಅಳೆದದ್ದು ಜನರ ಸ್ವಭಾವವನ್ನು, ಕೋಡ್‌ನ ಕೆಲಸವನ್ನಲ್ಲ.

ಸರಿಯಾದ ದಾರಿ ಒಂದೇ: ಒಂದೇ ಬಗೆಯ ಗಿರಾಕಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಕೋಡ್ ಕೊಡಬೇಕು, ಇನ್ನೊಂದಕ್ಕೆ ಕೊಡಬಾರದು. ನಮ್ಮ ಅಂಗಡಿಯಲ್ಲಿ ಎರಡು ತಿಂಗಳಿಂದ ಏನೂ ಕೊಳ್ಳದ 2000 ಹಳೆಯ ಗಿರಾಕಿಗಳಿದ್ದಾರೆ ಎನ್ನಿ. ಸ್ಪ್ರೆಡ್‌ಶೀಟಿನಲ್ಲಿ ಪ್ರತಿಯೊಬ್ಬರ ಮುಂದೆ `=RAND()` ಹಾಕಿ, ಬಂದ ಅಂಕಿಗಳನ್ನು ಬದಲಾಗದಂತೆ ಉಳಿಸಿ, ಅದರ ಪ್ರಕಾರ ಸಾಲಾಗಿ ಜೋಡಿಸಿ, ಮೊದಲ 1000 ಜನರಿಗೆ ಶೇ. 10ರ ಕೋಡ್ ಇರುವ ಸಂದೇಶ ಕಳಿಸಬೇಕು. ಉಳಿದ 1000 ಜನರಿಗೂ ಅದೇ ದಿನ ಅದೇ ಸಂದೇಶ ಹೋಗಬೇಕು, ಕೋಡ್ ಮಾತ್ರ ಇರಬಾರದು. ಅವರಿಗೆ ಏನನ್ನೂ ಕಳಿಸದಿದ್ದರೆ ನಾವು ಅಳೆಯುವುದು ನೆನಪಿಸಿದ್ದರ ಫಲವನ್ನು, ಕೋಡ್‌ನ ಫಲವನ್ನಲ್ಲ. ಕೋಡ್ ಪ್ರತಿಯೊಬ್ಬರಿಗೂ ಬೇರೆಯಾಗಿದ್ದು ಒಂದೇ ಸಲ ನಡೆಯುವಂತಿರಬೇಕು. ಎಲ್ಲರಿಗೂ ಒಂದೇ ಪದವಾದರೆ ಅದು ವಾಟ್ಸಾಪ್ ಗುಂಪುಗಳಲ್ಲಿ ಹಬ್ಬಿ, ಕೋಡ್ ಇಲ್ಲದ ಪಾಲಿನವರ ಕೈಗೂ ಸಿಕ್ಕಿ ಪ್ರಯೋಗವೇ ಕೆಡುತ್ತದೆ.

ಒಂದು ತಿಂಗಳ ಕೊನೆಗೆ ಕೋಡ್ ಪಾಲಿನಿಂದ 130 ಆರ್ಡರ್, ಇನ್ನೊಂದರಿಂದ 100 ಬಂತು ಎಂದಿಟ್ಟುಕೊಳ್ಳಿ. ತಂತ್ರಾಂಶದ ವರದಿ ‘ಈ ಕೋಡ್‌ನಿಂದ 130 ಆರ್ಡರ್’ ಎನ್ನುತ್ತದೆ. ನಿಜವಾಗಿ ಕೋಡ್ ತಂದದ್ದು 30. ಉಳಿದ 100 ಹೇಗೂ ಬರುತ್ತಿತ್ತು, ಅದಕ್ಕೂ ನಾವು ನೂರು ನೂರು ರೂಪಾಯಿ ಬಿಟ್ಟುಕೊಟ್ಟೆವು. 130ನ್ನು 250ರಿಂದ ಗುಣಿಸಿದರೆ 32,500. ಕೋಡ್ ಇಲ್ಲದ 100ನ್ನು 350ರಿಂದ ಗುಣಿಸಿದರೆ 35,000. ಆರ್ಡರ್ ಹೆಚ್ಚು, ಹಣ 2,500 ಕಡಿಮೆ.

ಇಲ್ಲಿಗೇ ನಿಲ್ಲಿಸಬಾರದು, ಏಕೆಂದರೆ ಮತ್ತೆ ಕೊಳ್ಳುವ ಪ್ರಶ್ನೆ ಇನ್ನೂ ಬಾಕಿಯಿದೆ. ಕಾಫಿಪುಡಿ ತಿಂಗಳಿಗೊಮ್ಮೆ ಮುಗಿಯುವ ಸಾಮಾನು. ರಿಯಾಯಿತಿ ಸಿಕ್ಕಿತೆಂದು ಮುಂದಿನ ತಿಂಗಳದ್ದನ್ನೂ ಇಂದೇ ಕೊಂಡಿಟ್ಟರೆ, ಈ ತಿಂಗಳ ಏರಿಕೆಯ ಹಿಂದೆಯೇ ಇಳಿಕೆ ಬರುತ್ತದೆ. ಆದ್ದರಿಂದ ಕನಿಷ್ಠ ಮೂರು ಖರೀದಿ ಸುತ್ತಾದರೂ, ಅಂದರೆ ಇನ್ನೂ 90 ದಿನ, ಎರಡೂ ಪಾಲಿಗೆ ಯಾವ ಕೋಡನ್ನೂ ಕೊಡದೆ ಕಾಯಬೇಕು. ಕೋಡ್ ಬಳಸಿದ 130 ಜನರನ್ನಷ್ಟೇ ನೋಡದೆ, ಚೀಟಿ ಎತ್ತಿದ ಪೂರ್ತಿ 1000 ಜನರನ್ನೂ ಎಣಿಸಬೇಕು. ಇಲ್ಲವಾದರೆ ಸ್ವಭಾವದ ವ್ಯತ್ಯಾಸ ಹಿಂದಿನ ಬಾಗಿಲಿನಿಂದ ಒಳಬರುತ್ತದೆ. ಈ 90 ದಿನದಲ್ಲಿ ಕೋಡ್ ಪಾಲಿನಿಂದ 215, ಇನ್ನೊಂದರಿಂದ 210 ಆರ್ಡರ್ ಬಂದವು ಎನ್ನಿ. ಒಟ್ಟು ಲೆಕ್ಕದಲ್ಲಿ ಕೋಡ್ ಪಾಲು 1,07,750, ಕೋಡ್ ಇಲ್ಲದ್ದು 1,08,500. ನಾಲ್ಕು ತಿಂಗಳಾದರೂ ಕೊಟ್ಟ ಹಣ ಪೂರ್ತಿ ಮರಳಲಿಲ್ಲ.

ಆದರೆ ಇಷ್ಟರಿಂದಲೇ ಕೋಡ್ ಸೋತಿತು ಎಂದು ಹೇಳಿಬಿಡುವಂತಿಲ್ಲ. ಸಾವಿರ ಜನರ ಪಾಲಿನಲ್ಲಿ ಆಕಸ್ಮಿಕದ ಪಾತ್ರ ದೊಡ್ಡದು. ಸಂಖ್ಯಾಶಾಸ್ತ್ರದ ವಾಡಿಕೆಯ ಶೇ. 95ರ ಅಳತೆಯಲ್ಲಿ, ಕಂಡ ಆ 30 ಹೆಚ್ಚುವರಿ ಆರ್ಡರ್‌ನ ಹಿಂದಿನ ನಿಜವಾದ ಪರಿಣಾಮ 2ರಿಂದ 58ರವರೆಗೆ ಎಲ್ಲಾದರೂ ಇರಬಹುದು. ಸರಿದೂಗಲು ಬೇಕಾದ 40 ಅದರೊಳಗೇ ಇದೆ. ಸಣ್ಣ ಅಂಗಡಿಗೆ ಇದಕ್ಕಿರುವ ಮದ್ದು, ಇದೇ ಪ್ರಯೋಗವನ್ನು ಕೆಲವು ತಿಂಗಳು ಹೊಸ ಹೊಸ ಗಿರಾಕಿಗಳ ಮೇಲೆ ನಡೆಸಿ ಅಂಕಿಗಳನ್ನು ಒಟ್ಟುಗೂಡಿಸುವುದು. ಅವಸರ ಪಟ್ಟು ಮೊದಲ ವಾರವೇ ಫಲ ಹೇಳಿದರೆ ಅದು ಊಹೆಯಷ್ಟೇ.

ಹೊಸಬರನ್ನೂ ಹಳಬರನ್ನೂ ಒಟ್ಟಿಗೆ ಸುರಿಯಬಾರದು ಎಂಬುದಕ್ಕೆ ಗಟ್ಟಿ ಆಧಾರವಿದೆ. ಎರಿಕ್ ಆಂಡರ್ಸನ್ ಮತ್ತು ಡಂಕನ್ ಸಿಮೆಸ್ಟರ್ ಎಂಬ ಅಮೆರಿಕದ ಇಬ್ಬರು ಪ್ರಾಧ್ಯಾಪಕರು ಅಂಚೆಯ ಮೂಲಕ ಬಹುಕಾಲ ಬಾಳುವ ಸರಕು ಮಾರುವ ಕ್ಯಾಟಲಾಗ್ ವ್ಯಾಪಾರದಲ್ಲಿ ಮೂರು ಪ್ರಯೋಗ ನಡೆಸಿ 2004ರಲ್ಲಿ ಪ್ರಕಟಿಸಿದರು. ಆಳವಾದ ರಿಯಾಯಿತಿ ಕಂಡ ಹೊಸ ಗಿರಾಕಿಗಳು ಮುಂದೆ ಹೆಚ್ಚು ಕೊಂಡರು. ಹಳೆಯ ಗಿರಾಕಿಗಳು ಮುಂದೆ ಕಡಿಮೆ ಕೊಂಡರು. ಹಳಬರು ಮುಂದಿನದನ್ನು ಈಗಲೇ ಕೊಂಡಿಟ್ಟರು, ರಿಯಾಯಿತಿಗಾಗಿ ಕಾಯುವುದನ್ನೂ ಕಲಿತರು. ಒಂದೇ ಕೋಡ್ ಎರಡು ಗುಂಪಿನಲ್ಲಿ ಎದುರುಬದುರಾಗಿ ಕೆಲಸ ಮಾಡುವಾಗ, ಕೂಡಿಸಿದ ಅಂಕಿ ‘ಏನೂ ಆಗಲಿಲ್ಲ’ ಎಂದು ತೋರಿಸೀತು.

ಹಾಗೆಂದು ಕೂಪನ್‌ಗಳನ್ನೆಲ್ಲ ಒಮ್ಮೆಗೇ ಕಿತ್ತುಹಾಕುವುದೂ ಅಪಾಯವೇ. ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಗಳಲ್ಲಿ 2012ರಲ್ಲಿ ಮುಖ್ಯಸ್ಥ ರಾನ್ ಜಾನ್ಸನ್ ಕೂಪನ್ ಮತ್ತು ಪದೇ ಪದೇ ನಡೆಯುತ್ತಿದ್ದ ಸೇಲ್‌ಗಳನ್ನು ಕೈಬಿಟ್ಟು ಒಂದೇ ದರ ತಂದರು. ಆ ವರ್ಷ ಮಾರಾಟ ಸುಮಾರು ಕಾಲುಭಾಗ ಕುಸಿಯಿತು, 2013ರ ಏಪ್ರಿಲ್‌ನಲ್ಲಿ ಅವರು ಹುದ್ದೆ ಬಿಡಬೇಕಾಯಿತು. ವರ್ಷಗಟ್ಟಲೆ ಕೂಪನ್ ಕೊಟ್ಟು ಅಭ್ಯಾಸ ಮಾಡಿಸಿದ ಗಿರಾಕಿಯನ್ನು ಒಂದೇ ದಿನದಲ್ಲಿ ಬದಲಾಯಿಸಲಾಗುವುದಿಲ್ಲ. ತೆಗೆಯುವುದಾದರೂ ಒಂದು ಪಾಲಿಗೆ ಮೊದಲು ತೆಗೆದು, ಇನ್ನೊಂದಕ್ಕೆ ಉಳಿಸಿ, ನೋಡಿ ಮುಂದೆ ಹೋಗಬೇಕು.

ನಮ್ಮ ಕಾಫಿ ಅಂಗಡಿಯಂಥದ್ದಕ್ಕೆ ನನ್ನ ತೀರ್ಪು ಇದು: ಹೊಸ ಗಿರಾಕಿಗೆ ಒಂದೇ ಸಲ ನಡೆಯುವ ಒಂದು ಕೂಪನ್ ಸಾಕು, ಅದು ಉಚಿತ ಡೆಲಿವರಿಯ ಜೊತೆ ಸೇರದಂತೆ ಬೀಗ ಹಾಕಿರಬೇಕು. ಹೊಸ ಫೋನ್ ನಂಬರ್, ಹಳೆಯ ವಿಳಾಸ ಇರುವವರನ್ನು ಹೊಸಬರೆಂದು ಎಣಿಸಬಾರದು. ನಿಯಮಿತವಾಗಿ ಕೊಳ್ಳುವ ಹಳಬರಿಗೆ ಶೇಕಡಾವಾರು ಕೋಡ್ ಕಳಿಸುವ ಮೊದಲು ಮೇಲಿನ ಪ್ರಯೋಗ ನಡೆಯಲೇಬೇಕು. ಮುಂದಿನ ದೀಪಾವಳಿಗೆ ನೀವು ಎಲ್ಲರಿಗೂ ಕೋಡ್ ಕಳಿಸಲು ಹೊರಟಿದ್ದರೆ, ದಯವಿಟ್ಟು ಹತ್ತರಲ್ಲಿ ಒಬ್ಬರನ್ನಾದರೂ ಚೀಟಿ ಎತ್ತಿ ಕೋಡ್ ಇಲ್ಲದೆ ಬಿಡಿ, ಅವರ ಪಟ್ಟಿಯನ್ನು ಮುಂದಿನ ನಾಲ್ಕು ತಿಂಗಳು ಜೋಪಾನ ಮಾಡಿ.