ಗಾಳಿಯ ಲೆಕ್ಕ ತಪ್ಪಿದ ಕಾರು

ಕಳೆದ ರಜೆಯಲ್ಲಿ ಹಾಸನಕ್ಕೆ ಹೋದಾಗ ಮಾವ ಕಾರಿನ ಕೀ ನನ್ನ ಕೈಗಿಟ್ಟು, "ಮೆಕ್ಯಾನಿಕಲ್ ಓದ್ತಿದ್ದೀಯಲ್ಲೋ, ಇದಕ್ಕೇನಾಗಿದೆ ಹೇಳು ನೋಡೋಣ" ಅಂದ್ರು. ಹಿಂದಿನ ವಾರ ಅವರು ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬರ್ತಿದ್ದರು. ಒಂದು ಲಾರಿಯನ್ನು ಹಿಂದೆ ಹಾಕೋಣ ಅಂತ ಬಲಕ್ಕೆ ತೆಗೆದು ಆಕ್ಸಿಲರೇಟರ್ ತುಳಿದರೆ ಗಾಡಿ ಒಂದೆರಡು ಸೆಕೆಂಡ್ ತಡವರಿಸಿ ನಿಂತ ಹಾಗೆ ಆಯ್ತಂತೆ. ಎದುರಿಂದ ಬಸ್ಸು. ಬ್ರೇಕ್ ಹಾಕಿ ಮತ್ತೆ ಲಾರಿಯ ಹಿಂದೆ ಸೇರಿಕೊಂಡರು. ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಮಕ್ಕಳು ಇದ್ದರು. ಸಕಲೇಶಪುರ ತಲುಪುವ ಹೊತ್ತಿಗೆ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ಎಂಜಿನ್ ಲೈಟ್ ಹತ್ತಿತ್ತು.

ಗ್ಯಾರೇಜಿನವರು ಓಡಿಸಿ ನೋಡಿ, "ಫ್ಯುಯೆಲ್ ಪಂಪ್ ವೀಕ್ ಆಗಿದೆ ಸಾರ್, ಬದಲಾಯಿಸ್ಬೇಕು" ಅಂದಿದ್ದರು. ಆ ಮಾತು ತಳಬುಡ ಇಲ್ಲದ್ದೇನಲ್ಲ. ಪಂಪ್ ಸೋತರೂ ಇದೇ ಲಕ್ಷಣ ಕಾಣುತ್ತೆ. ಆದರೆ ಹತ್ತು ವರ್ಷ ಹಳೆಯ 1.6 ಲೀಟರ್ ಪೆಟ್ರೋಲ್ ಗಾಡಿಗೆ ಅಷ್ಟು ದುಡ್ಡು ಸುರಿಯುವ ಮೊದಲು ಒಂದು ಲೆಕ್ಕ ಹಾಕಿ ನೋಡಬಹುದಿತ್ತು. ಆ ಲೆಕ್ಕ ನಮ್ಮನ್ನು ಪಂಪ್ ಕಡೆಗಲ್ಲ, ಏರ್ ಫಿಲ್ಟರ್ ಪಕ್ಕದ ಒಂದು ಸಣ್ಣ ಸೆನ್ಸರ್ ಕಡೆಗೆ ಕರೆದುಕೊಂಡು ಹೋಯಿತು.

ಸೆನ್ಸರ್ ಏನು ಅಳೆಯುತ್ತೆ?

ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು ಅಂತ ತೀರ್ಮಾನಿಸಲು ಎಂಜಿನ್ ಕಂಪ್ಯೂಟರ್‌ಗೆ ಒಳಗೆ ಎಷ್ಟು ಗ್ರಾಂ ಗಾಳಿ ಬರ್ತಿದೆ ಅಂತ ಗೊತ್ತಿರಬೇಕು. ಸಾಮಾನ್ಯ ಓಟದಲ್ಲಿ ಒಂದು ಗ್ರಾಂ ಪೆಟ್ರೋಲ್‌ಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಗಾಳಿಯನ್ನು ತೂಗುವುದೇ ಮಾಸ್ ಏರ್‌ಫ್ಲೋ ಸೆನ್ಸರ್. ಗ್ಯಾರೇಜಿನ ಬಾಯಲ್ಲಿ ಅದು "ಮ್ಯಾಫ್". ಏರ್ ಫಿಲ್ಟರ್ ಡಬ್ಬಿ ಮತ್ತು ಥ್ರಾಟಲ್ ನಡುವಿನ ಕೊಳವೆಯಲ್ಲಿ ಕೂತಿರುತ್ತೆ.

ಅದರೊಳಗೆ ಕೂದಲೆಳೆಯಂಥ ಒಂದು ತಂತಿ ಅಥವಾ ತೆಳು ಪದರ ಇರುತ್ತೆ. ಸರ್ಕ್ಯೂಟ್ ಅದನ್ನು ಗಾಳಿಗಿಂತ ನಿಗದಿತ ಮಟ್ಟದಷ್ಟು ಬಿಸಿಯಾಗಿ ಇಡುತ್ತೆ. ಹರಿಯುವ ಗಾಳಿ ಅದನ್ನು ತಣಿಸುತ್ತೆ. ಮತ್ತೆ ಅದೇ ಬಿಸಿಗೆ ತರಲು ಎಷ್ಟು ಕರೆಂಟ್ ಬೇಕಾಯ್ತು ಅನ್ನೋದೇ ಗಾಳಿಯ ಅಳತೆ. ನಮ್ಮ ಹೀಟ್ ಟ್ರಾನ್ಸ್‌ಫರ್ ಪಾಠದ ಬಲವಂತದ ಸಂವಹನವೇ ಇದು.

ಈಗ ಆ ತಂತಿಯ ಮೇಲೆ ಎಣ್ಣೆ ಬೆರೆತ ಧೂಳು ಕೂತಿದೆ ಅಂದುಕೊಳ್ಳಿ. ಅದು ತಂತಿಗೆ ಕಂಬಳಿ ಹೊದಿಸಿದ ಹಾಗೆ. ಜೋರಾಗಿ ಗಾಳಿ ಬೀಸಿದರೂ ತಂತಿ ತಣಿಯಬೇಕಾದಷ್ಟು ತಣಿಯಲ್ಲ. ಹೀಗಾಗಿ ನಿಜಕ್ಕಿಂತ ಕಡಿಮೆ ಗಾಳಿ ಬಂತು ಅಂತ ವರದಿ ಹೋಗುತ್ತೆ. ಐಡಲ್‌ನಲ್ಲಿ ಗಾಳಿ ಕಡಿಮೆ ಇರುವಾಗ ಈ ತಪ್ಪು ಅಷ್ಟಾಗಿ ಕಾಣಲ್ಲ. ಗಾಳಿ ಹೆಚ್ಚಾದಷ್ಟೂ ತಪ್ಪೂ ಹೆಚ್ಚು. ಮಾವನ ಗಾಡಿ ಮನೆ ಮುಂದೆ ನಿಂತಾಗ ಸುಮ್ಮನೆ ಗುಂಯ್ಗುಡ್ತಾ, ಘಾಟಿಯಲ್ಲಿ ಮಾತ್ರ ಕೈಕೊಟ್ಟಿದ್ದು ಇದಕ್ಕೇ.

ಸ್ಕ್ಯಾನರ್ ಹೇಳಿದ ಅರ್ಧ ಕಥೆ

ಗೆಳೆಯನ ಬ್ಲೂಟೂತ್ ಓಬಿಡಿ ಸ್ಕ್ಯಾನರನ್ನು ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿದೆವು. ಕೋಡ್ P0171 ಬಂತು. ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ ಅದರ ಅರ್ಥ. ಗಮನಿಸಿ, "ಮ್ಯಾಫ್ ಕೆಟ್ಟಿದೆ" ಅಂತ ಅದು ಹೇಳ್ತಿಲ್ಲ. P0101 ಬಂದಿದ್ದರೆ ನೇರವಾಗಿ ಮ್ಯಾಫ್ ಕಡೆ ಬೆರಳು ತೋರಿಸ್ತಿತ್ತು. ಆದರೆ ಸೆನ್ಸರ್ ಕೊಳೆಯಾದಾಗ ಬರೀ P0171 ಬರುವುದೂ ಸಾಮಾನ್ಯ.

ಮುಂದೆ ನೋಡಬೇಕಾದದ್ದು ಫ್ಯುಯೆಲ್ ಟ್ರಿಮ್. ಸೈಲೆನ್ಸರ್ ಕೊಳವೆಯ ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ಕೇಳಿ ಕಂಪ್ಯೂಟರ್ ತನ್ನ ಪೆಟ್ರೋಲ್ ಲೆಕ್ಕವನ್ನು ಎಷ್ಟು ಶೇಕಡಾ ತಿದ್ದಿಕೊಳ್ತಿದೆ ಅನ್ನುವ ಸಂಖ್ಯೆ ಅದು. ಪರದೆಯ ಮೇಲೆ STFT ಅಂದರೆ ಆ ಕ್ಷಣದ ತಿದ್ದುಪಡಿ, LTFT ಅಂದರೆ ದಿನಗಟ್ಟಲೆ ಕಲಿತು ಉಳಿಸಿಕೊಂಡ ತಿದ್ದುಪಡಿ. ಎರಡನ್ನೂ ಕೂಡಿಸಿದಾಗ ಸೊನ್ನೆಯ ಆಸುಪಾಸು ಇದ್ದರೆ ಆರೋಗ್ಯ. ಮಾವನ ಗಾಡಿಯಲ್ಲಿ ಐಡಲ್‌ನಲ್ಲಿ −2 ಇತ್ತು. ಏರು ರಸ್ತೆಯಲ್ಲಿ 3000 ಆರ್‌ಪಿಎಂ ದಾಟಿದಾಗ LTFT +21, STFT +4. ಅಂದ್ರೆ ಕಂಪ್ಯೂಟರ್ ತಾನು ಲೆಕ್ಕ ಹಾಕಿದ್ದಕ್ಕಿಂತ ಕಾಲು ಭಾಗ ಹೆಚ್ಚು ಪೆಟ್ರೋಲ್ ಸುರೀತಿತ್ತು.

ಇದರಿಂದ ಒಂದು ಅನುಮಾನ ಕಳಚಿತು. ಥ್ರಾಟಲ್ ಆಚೆ ಪೈಪ್ ಬಿರುಕು ಬಿಟ್ಟು ಗಾಳಿ ಕಳ್ಳದಾರಿಯಲ್ಲಿ ಬರ್ತಿದ್ದರೆ ಕಥೆ ತಿರುವುಮುರುವು ಆಗಿರಬೇಕಿತ್ತು. ಸೆಕೆಂಡಿಗೆ ಅರ್ಧ ಗ್ರಾಂ ಸೋರಿಕೆ ಇದೆ ಅನ್ನಿ. ಐಡಲ್‌ನ 2.6 ಗ್ರಾಂನಲ್ಲಿ ಅದು ಶೇಕಡಾ 19. ಅದೇ 20 ಗ್ರಾಂ ಹರಿಯುವಾಗ ಬರೀ 2.5. ಸೋರಿಕೆ ಐಡಲ್‌ನಲ್ಲಿ ಕೂಗುತ್ತೆ, ಓಟದಲ್ಲಿ ಸುಮ್ಮನಾಗುತ್ತೆ. ನಮ್ಮದು ಹಾಗಿರಲಿಲ್ಲ.

ಆದರೆ ಪಂಪ್ ಅನುಮಾನ ಇನ್ನೂ ಹಾಗೇ ಇತ್ತು. ಸೋತ ಪಂಪ್ ಕೂಡ ಭಾರ ಬಿದ್ದಾಗಲೇ ಪೆಟ್ರೋಲ್ ಕೊರತೆ ಮಾಡುತ್ತೆ, ಟ್ರಿಮ್ ಇದೇ ರೀತಿ ಏರುತ್ತೆ.

ಒಂದು ಸಾಲಿನ ಲೆಕ್ಕ

ಪಂಪ್ ಸೋತಿದ್ದರೆ ಪೆಟ್ರೋಲ್ ಮಾತ್ರ ಕಮ್ಮಿ, ಗಾಳಿಯ ಅಳತೆ ಸರಿಯಾಗಿಯೇ ಇರಬೇಕು. ಹಾಗಾದರೆ ಎಂಜಿನ್ ನಿಜಕ್ಕೂ ಎಷ್ಟು ಗಾಳಿ ಎಳೆಯಬೇಕು ಅಂತ ನಾವೇ ಲೆಕ್ಕ ಹಾಕಿ ಹೋಲಿಸಬಹುದಲ್ಲ? ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಗಾತ್ರದಷ್ಟು ಗಾಳಿ ಎಳೆಯುತ್ತೆ. ಹಾಸನದ ಎತ್ತರದಲ್ಲಿ, ಹಗಲಿನ ಬಿಸಿಗೆ, ಒಂದು ಲೀಟರ್ ಗಾಳಿ ಸುಮಾರು 1.05 ಗ್ರಾಂ ತೂಗುತ್ತೆ. ಸಿಲಿಂಡರ್ ಪೂರ್ತಿ ತುಂಬಲ್ಲವಾದ್ದರಿಂದ 0.85ರಿಂದ ಗುಣಿಸಿದೆ. 4500 ಆರ್‌ಪಿಎಂನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟರೆ:

```
(1.6 × 4500 / 2) / 60 = 60 L/s
60 × 1.05 × 0.85 ≈ 54 g/s
```

ಬೆಳಿಗ್ಗೆ ಖಾಲಿ ನೇರ ರಸ್ತೆಯಲ್ಲಿ ಎರಡನೇ ಗೇರ್‌ನಲ್ಲಿ ಮಾವ ಓಡಿಸಿದರು. ಫೋನ್ ನನ್ನ ಕೈಲಿತ್ತು, ಆ್ಯಪ್ ರೆಕಾರ್ಡ್ ಮಾಡ್ತಿತ್ತು. ಓಡಿಸುವವರು ಪರದೆ ನೋಡಬಾರದು. ಮನೆಗೆ ಬಂದು ರೆಕಾರ್ಡ್ ನೋಡಿದರೆ 4500ರಲ್ಲಿ ಮ್ಯಾಫ್ 40 ಗ್ರಾಂ ಅಂತಿತ್ತು. ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಕೊರತೆ.

ಇಲ್ಲೊಂದು ಎಚ್ಚರಿಕೆ ಬೇಕು. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಸಂಖ್ಯೆ ಕಮ್ಮಿ ಬರುತ್ತೆ. ಆದರೆ ಆಗ ಗಾಳಿ ನಿಜವಾಗಿಯೂ ಕಮ್ಮಿ, ಸೆನ್ಸರ್ ಸತ್ಯವನ್ನೇ ಹೇಳ್ತಿರುತ್ತೆ. ಹಾಗಾಗಿ ಟ್ರಿಮ್ ಸೊನ್ನೆಯ ಹತ್ತಿರವೇ ಇರುತ್ತೆ. ಗಾಳಿಯ ಸಂಖ್ಯೆ ಕಮ್ಮಿ, ಟ್ರಿಮ್ ಮಾತ್ರ ಜಾಸ್ತಿ, ಈ ಎರಡೂ ಒಟ್ಟಿಗೆ ಕಂಡರೆ ಸೆನ್ಸರ್ ಸುಳ್ಳು ಹೇಳ್ತಿದೆ ಅಂತ ಬಲವಾಗಿ ಅನುಮಾನಿಸಬಹುದು. ಗಾಳಿ ಸರಿ, ಟ್ರಿಮ್ ಜಾಸ್ತಿ ಅಂದ್ರೆ ಪಂಪ್ ಅಥವಾ ಫ್ಯುಯೆಲ್ ಫಿಲ್ಟರ್ ಕಡೆ ಹೋಗಿ.

ಶಿರಾಡಿಯಲ್ಲಿ ನಡೆದದ್ದೂ ಈಗ ಅರ್ಥವಾಗುತ್ತೆ. ಪೂರ್ತಿ ತುಳಿದಾಗ ಕಂಪ್ಯೂಟರ್ ಸಾಮಾನ್ಯವಾಗಿ ಆಕ್ಸಿಜನ್ ಸೆನ್ಸರ್ ಮಾತು ಕೇಳುವುದನ್ನು ಬಿಟ್ಟು, ಮ್ಯಾಫ್ ಮತ್ತು ಕಲಿತ ತಿದ್ದುಪಡಿಯನ್ನಷ್ಟೇ ನಂಬುತ್ತೆ. 40 ಗ್ರಾಂಗೆ ಶೇಕಡಾ 21 ಸೇರಿಸಿದರೆ 48. ಬಂದ ಗಾಳಿ 54. ಶಕ್ತಿಗಾಗಿ ಪೆಟ್ರೋಲ್ ಹೆಚ್ಚು ಬೇಕಾದ ಹೊತ್ತಲ್ಲೇ ಹತ್ತನೇ ಒಂದು ಭಾಗ ಕೊರತೆ. ತಡವರಿಸಿದ್ದು ಅದಕ್ಕೇ.

ತೊಳೆಯುವುದು ಹೇಗೆ

ಮೊದಲು ಕೋಡ್ ಮತ್ತು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಎಂಜಿನ್ ಪೂರ್ತಿ ತಣ್ಣಗಾಗಲಿ, ಕೀ ತೆಗೆದಿಡಿ. ಕೆಲಸ ಬಯಲಲ್ಲಿ ಮಾಡಿ. ಕ್ಲೀನರ್‌ಗೆ ಸುಲಭವಾಗಿ ಬೆಂಕಿ ಹತ್ತುತ್ತೆ, ಹತ್ತಿರ ಬೀಡಿ ಸಿಗರೇಟು ಬೇಡ. ಗ್ಲವ್ಸ್, ಕನ್ನಡಕ ಹಾಕಿಕೊಳ್ಳಿ.

ಸೆನ್ಸರ್ ಸುತ್ತಲಿನ ಧೂಳನ್ನು ಬಟ್ಟೆಯಿಂದ ಒರೆಸಿ, ಇಲ್ಲಾಂದ್ರೆ ಬಿಚ್ಚಿದಾಗ ಅದೇ ಧೂಳು ಒಳಗೆ ಬೀಳುತ್ತೆ. ಕನೆಕ್ಟರಿನ ಲಾಕ್ ಒತ್ತಿ ಪ್ಲಾಸ್ಟಿಕ್ ಭಾಗ ಹಿಡಿದು ಎಳೆಯಿರಿ, ವೈರ್ ಹಿಡಿದು ಎಳೀಬೇಡಿ. ಸಾಮಾನ್ಯವಾಗಿ ಎರಡೇ ಸ್ಕ್ರೂ ಇರುತ್ತೆ. ಕೆಲವು ಗಾಡಿಗಳಲ್ಲಿ ಅವು ನಕ್ಷತ್ರದ ತಲೆಯವು, ಸರಿಯಾದ ಬಿಟ್ ಇಲ್ಲದೆ ತಿರುಗಿಸಿದರೆ ತಲೆ ಸವೆದುಹೋಗುತ್ತೆ.

ಕ್ಯಾನ್ ಮೇಲೆ ಮಾಸ್ ಏರ್‌ಫ್ಲೋ ಸೆನ್ಸರ್ ಕ್ಲೀನರ್ ಅಂತಲೇ ಇರಬೇಕು. ಅದು ಪೂರ್ತಿ ಆವಿಯಾಗಿ, ಏನನ್ನೂ ಉಳಿಸದೆ ಹೋಗುತ್ತೆ. ಕಾರ್ಬ್ ಕ್ಲೀನರ್, ಬ್ರೇಕ್ ಕ್ಲೀನರ್ ಬಳಸಬೇಡಿ. ಅವು ಪದರ ಉಳಿಸಬಹುದು, ಪ್ಲಾಸ್ಟಿಕ್ ಕೆಡಿಸಬಹುದು. ಸ್ವಲ್ಪ ದೂರದಿಂದ ಚಿಕ್ಕ ಚಿಕ್ಕದಾಗಿ ಹತ್ತು ಹದಿನೈದು ಸಲ ಸ್ಪ್ರೇ ಮಾಡಿ, ಕೊಳೆ ಕೆಳಗೆ ಇಳಿಯುವ ಹಾಗೆ ಹಿಡಿಯಿರಿ. ಸ್ಪ್ರೇ ನಳಿಕೆ ತಂತಿಗೆ ತಾಗಬಾರದು. ಹತ್ತಿ ಕಡ್ಡಿ, ಬ್ರಷ್, ಬಟ್ಟೆ, ಬೆರಳು, ಯಾವುದರಿಂದಲೂ ಮುಟ್ಟಬೇಡಿ. ಒಣಗಿಸಲು ಕಂಪ್ರೆಸರ್ ಗಾಳಿ ಊದಿದರೂ ತಂತಿ ತುಂಡಾಗಬಹುದು. ಅರ್ಧ ಗಂಟೆ ಸುಮ್ಮನೆ ಬಿಟ್ಟುಬಿಡಿ. ಒದ್ದೆ ಇರುವಾಗ ಜೋಡಿಸಿ ಸ್ಟಾರ್ಟ್ ಮಾಡೋದು ಮಾತ್ರ ಬೇಡವೇ ಬೇಡ.

ಮತ್ತೆ ಕೂರಿಸುವಾಗ ರಬ್ಬರ್ ರಿಂಗ್ ಜಾಗದಲ್ಲಿದೆಯಾ, ಗಾಳಿಯ ದಿಕ್ಕಿನ ಬಾಣ ಎಂಜಿನ್ ಕಡೆಗಿದೆಯಾ ನೋಡಿ. ಸ್ಕ್ರೂ ಹಿತವಾಗಿ ಬಿಗಿಸಿದರೆ ಸಾಕು. ಕೊನೆಗೆ ಸ್ಕ್ಯಾನರ್‌ನಿಂದ ಕೋಡ್ ಅಳಿಸಿ.

ಕೊಳೆ ಬಂದದ್ದು ಎಲ್ಲಿಂದ?

ಅದೇ ರಸ್ತೆಯಲ್ಲಿ, ಅದೇ 4500ರಲ್ಲಿ ಈ ಸಲ 52 ಗ್ರಾಂ ಬಂತು. ನಾಲ್ಕೈದು ದಿನ ಓಡಿದ ಮೇಲೆ ಏರಿನಲ್ಲೂ ಟ್ರಿಮ್ +4ರಲ್ಲಿ ನಿಂತಿತು. ಲೈಟ್ ಮತ್ತೆ ಬರಲಿಲ್ಲ.

ಆದರೆ ಅಲ್ಲಿಗೇ ಬಿಟ್ಟಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಹಾಡು. ಫಿಲ್ಟರ್ ಡಬ್ಬಿ ತೆಗೆದು ನೋಡಿದರೆ ಒಂದು ಕ್ಲಿಪ್ ಮುರಿದಿತ್ತು, ಮುಚ್ಚಳ ಒಂದು ಮೂಲೆಯಲ್ಲಿ ಬಾಯಿ ಬಿಟ್ಟಿತ್ತು. ಫಿಲ್ಟರ್ ದಾಟಿದ ಕಡೆಯೂ ಕೆಂಪು ಧೂಳು ಕೂತಿತ್ತು. ಕ್ಲಿಪ್ ಹಾಕಿಸಿ, ಅಂಚು ಸರಿಯಾಗಿ ಕೂರುವ ಹೊಸ ಫಿಲ್ಟರ್ ಹಾಕಿದೆವು. ಎಣ್ಣೆ ಹಚ್ಚುವ ಕಾಟನ್ ಫಿಲ್ಟರ್ ಹಾಕಿಸಿಕೊಂಡವರು ಎಣ್ಣೆ ಹೆಚ್ಚಾಗದಂತೆ ನೋಡಿಕೊಳ್ಳಿ. ಹೆಚ್ಚಾದ ಎಣ್ಣೆ ಬಂದು ಕೂರುವುದೂ ಇದೇ ತಂತಿಯ ಮೇಲೆ.

ತೊಳೆದ ಮೇಲೂ ಸಂಖ್ಯೆ ಬದಲಾಗದಿದ್ದರೆ ಮತ್ತೆ ಮತ್ತೆ ಸ್ಪ್ರೇ ಹೊಡೆಯುತ್ತಾ ಕೂರಬೇಡಿ, ಸೆನ್ಸರೇ ಹೋಗಿರಬಹುದು. P0102 ಅಥವಾ P0103 ಬಂದರೆ ಮೊದಲು ವೈರ್, ಕನೆಕ್ಟರ್ ನೋಡಿ. ಎಂಜಿನ್ ಲೈಟ್ ಮಿನುಗುತ್ತಿದ್ದರೆ ಅದು ಮಿಸ್‌ಫೈರ್, ಗಾಡಿ ನಿಲ್ಲಿಸಿ. ಇನ್ನು ಎಷ್ಟೋ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಮ್ಯಾಫ್ ಇರುವುದೇ ಇಲ್ಲ, ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುತ್ತೆ. ಕ್ಲೀನರ್ ಕೊಳ್ಳುವ ಮೊದಲು ನಿಮ್ಮ ಗಾಡಿಯಲ್ಲಿ ಯಾವುದಿದೆ ಅಂತ ಬಾನೆಟ್ ಎತ್ತಿ ನೋಡಿಕೊಳ್ಳಿ.

ಮುಂದಿನ ಸಲ ಮಾವ ಶಿರಾಡಿ ಹತ್ತಿ ಬಂದ ಮೇಲೆ ಫೋನ್ ಮಾಡಿದ್ದರು. "ಲಾರಿ ಹಿಂದೆ ಹಾಕ್ದೆ ಕಣೋ" ಅಂದ್ರು. ಪಂಪ್ ಹಳೆಯದೇ ಇದೆ.