ಹೆಬ್ಬೆರಳುದ್ದದ ಸೈನಿಕ, ಕೂದಲೆಳೆಯ ನಾಜಲ್

32 ಮಿ.ಮೀ. ಎತ್ತರದ ಸೈನಿಕನ ಗೊಂಬೆಯನ್ನು ತ್ರೀಡಿ ಪ್ರಿಂಟರ್‌ನಲ್ಲಿ ತೆಗೆಯಬೇಕು ಎಂದುಕೊಳ್ಳಿ. ಪ್ರಿಂಟರ್ ಜೊತೆ ಸಾಮಾನ್ಯವಾಗಿ ಬರುವ ನಾಜಲ್‌ನ ತೂತು 0.4 ಮಿ.ಮೀ. ಅದರಲ್ಲಿ ಕತ್ತಿಯ ಅಂಚು, ಮೂಗು, ಬೆರಳುಗಳೆಲ್ಲ ಮೊಂಡಾಗುತ್ತವೆ. 0.2ರ ನಾಜಲ್ ಹಾಕಿದರೆ ಎಳೆ ಅರ್ಧದಷ್ಟು ತೆಳುವಾಗಿ, ಮುಖಕ್ಕೆ ಕಳೆ ಬರುತ್ತದೆ.

ಬೆಲೆ ತೆರುವುದು ಸಮಯದಲ್ಲಿ. ಪದರದ ಎತ್ತರ 0.2 ಇದ್ದಾಗ ಈ ಗೊಂಬೆಗೆ 160 ಪದರ ಸಾಕು, 0.08ಕ್ಕೆ ಇಳಿಸಿದರೆ 400 ಬೇಕು. ಎಳೆಯೂ ತೆಳುವಾದ್ದರಿಂದ ಒಂದೊಂದು ಪದರ ತುಂಬಲು ಹೆಚ್ಚು ಸುತ್ತು. ಹೊರಗೋಡೆಯನ್ನು ಸೆಕೆಂಡಿಗೆ 30 ಮಿ.ಮೀ. ಆಸುಪಾಸಿನ ವೇಗದಲ್ಲಿ ಎಳೆಯುವುದೇ ಕ್ಷೇಮ. ಪದರವನ್ನು 0.04ಕ್ಕೆ ಇಳಿಸಿದರೆ ಸಮಯ ಮತ್ತೆ ಇಮ್ಮಡಿ. ಬಣ್ಣ ಬಳಿದ ಮೇಲೆ ಆ ವ್ಯತ್ಯಾಸ ಕಾಣುವುದು ಕಡಿಮೆ, ಆ ಹಟ ನನಗಂತೂ ಬೇಡ.

ನಿಜವಾದ ತಲೆನೋವು ಕಟ್ಟಿಕೊಳ್ಳುವುದು. ತೂತಿನ ವಿಸ್ತೀರ್ಣ ಕಾಲುಭಾಗಕ್ಕೆ ಇಳಿದಿರುತ್ತದೆ, 0.4ರಲ್ಲಿ ಸುಮ್ಮನೆ ದಾಟಿಹೋಗುವ ಧೂಳಿನ ಕಣ ಇಲ್ಲಿ ಬಿರಡೆಯಾಗುತ್ತದೆ. ಮರದ ಪುಡಿ, ಮಿನುಗುಪುಡಿ ಬೆರೆತ ಫಿಲಮೆಂಟ್ ಹಾಕಲೇಬಾರದು. ಒಣಗಿದ, ಸಾದಾ ಪಿಎಲ್ಎ ಒಳ್ಳೆಯದು. ಗೋಡೆಯಲ್ಲಿ ಎಳೆ ಸಣಕಲಾಗಿ ಸಂದು ಬಿಟ್ಟರೆ, ಫಿಲಮೆಂಟ್ ತಳ್ಳುವ ಗಾಲಿ ಟಕ್ ಟಕ್ ಎಂದರೆ ಕಟ್ಟಿಕೊಳ್ಳುತ್ತಿದೆ ಎಂದೇ ಅರ್ಥ. ಆಗ ನಾಜಲ್ ಕಾಯಿಸಿ, ಫಿಲಮೆಂಟ್ ಒತ್ತಿ, ಸುಮಾರು 90 ಡಿಗ್ರಿಗೆ ಆರಿಸಿ ಗಟ್ಟಿಯಾಗಿ ಹೊರಗೆಳೆಯಬೇಕು. ತುದಿಗೆ ಅಂಟಿಕೊಂಡು ಕಸವೂ ಬರುತ್ತದೆ. ತುದಿ ಶುಭ್ರವಾಗಿ ಬರುವವರೆಗೆ ಇದನ್ನೇ ಮಾಡುತ್ತಿರಬೇಕು.