ಉದ್ದ ಸರಪಳಿ, ಗಿಡ್ಡ ಸರಪಳಿ: ಹೆಪಾರಿನ್ ಮತ್ತು ಅದರ ಬಳಗ

ಹೆಪಾರಿನ್ ಎಂಬುದು ಸಕ್ಕರೆಯ ಘಟಕಗಳು ಒಂದಕ್ಕೊಂದು ಕೂಡಿಕೊಂಡು ಆದ ಉದ್ದನೆಯ ಸರಪಳಿ. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿ ನಾಯಿಯ ಯಕೃತ್ತಿನಿಂದ ತೆಗೆದ ಸಾರಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಣವಿರುವುದನ್ನು ಗಮನಿಸಿದ. ಇಂದು ಆಸ್ಪತ್ರೆಗಳಲ್ಲಿ ಬಳಸುವ ಹೆಪಾರಿನ್ ಬಹುಪಾಲು ಹಂದಿಯ ಕರುಳಿನ ಒಳಪದರದಿಂದ ಬರುತ್ತದೆ. ಅದು ಈಗಾಗಲೇ ಕಟ್ಟಿದ ಹೆಪ್ಪನ್ನು ಕರಗಿಸುವುದಿಲ್ಲ. ಹೆಪ್ಪು ಬೆಳೆಯದಂತೆ, ಹೊಸದು ಕಟ್ಟದಂತೆ ತಡೆಯುತ್ತದೆ; ಕರಗಿಸುವ ಕೆಲಸವನ್ನು ದೇಹವೇ ನಿಧಾನವಾಗಿ ಮಾಡಿಕೊಳ್ಳುತ್ತದೆ.

ಹಾಗೆ ನೋಡಿದರೆ ಹೆಪಾರಿನ್ ತಾನಾಗಿ ಏನನ್ನೂ ತಡೆಯುವುದಿಲ್ಲ. ರಕ್ತದಲ್ಲಿ ಮೊದಲೇ ಇರುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನನ್ನು ಹಿಡಿದು ಅದರ ವೇಗವನ್ನು ಸುಮಾರು ಸಾವಿರ ಪಟ್ಟು ಹೆಚ್ಚಿಸುತ್ತದೆ. ಹೀಗೆ ಚುರುಕಾದ ಆಂಟಿಥ್ರಾಂಬಿನ್ ಮುಖ್ಯವಾಗಿ ಎರಡು ಕಿಣ್ವಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಒಂದು ಥ್ರಾಂಬಿನ್, ಇನ್ನೊಂದು ಥ್ರಾಂಬಿನ್ನನ್ನು ಹುಟ್ಟಿಸುವ ಫ್ಯಾಕ್ಟರ್ ಟೆನ್-ಎ. ಆಂಟಿಥ್ರಾಂಬಿನ್ನನ್ನು ಹಿಡಿಯಲು ಸರಪಳಿಯಲ್ಲಿ ಐದು ಸಕ್ಕರೆಗಳ ಒಂದು ನಿರ್ದಿಷ್ಟ ತುಣುಕು ಇದ್ದರೆ ಸಾಕು, ಟೆನ್-ಎ ಅಡಗುತ್ತದೆ. ಥ್ರಾಂಬಿನ್ ವಿಷಯ ಬೇರೆ. ಒಂದೇ ನೊಗ ಎರಡು ಎತ್ತುಗಳ ಹೆಗಲನ್ನೂ ಮುಟ್ಟಬೇಕಾದಂತೆ, ಒಂದೇ ಸರಪಳಿ ಆಂಟಿಥ್ರಾಂಬಿನ್ ಮತ್ತು ಥ್ರಾಂಬಿನ್ ಎರಡನ್ನೂ ಏಕಕಾಲಕ್ಕೆ ಹಿಡಿಯಬೇಕು. ಅದಕ್ಕೆ ಕನಿಷ್ಠ 18 ಸಕ್ಕರೆಗಳ ಉದ್ದ ಬೇಕು. ಮೂರು ಔಷಧಿಗಳ ನಡುವಿನ ವ್ಯತ್ಯಾಸದ ಬಹುಭಾಗ ಈ ಉದ್ದದಿಂದಲೇ ಹುಟ್ಟುತ್ತದೆ.

ಸಾಮಾನ್ಯ ಹೆಪಾರಿನ್‌ನಲ್ಲಿ ಗಿಡ್ಡವೂ ಉದ್ದವೂ ಆದ ಸರಪಳಿಗಳ ಮಿಶ್ರಣವಿದ್ದು, ಸರಾಸರಿ ಅಣುತೂಕ ಸುಮಾರು 15,000 ಡಾಲ್ಟನ್. ಅದು ಎರಡೂ ಕಿಣ್ವಗಳನ್ನು ಸರಿಸಮವಾಗಿ ತಡೆಯುತ್ತದೆ. ಆದರೆ ಉದ್ದನೆಯ ಸರಪಳಿಗಳು ರಕ್ತದ ಇತರ ಪ್ರೋಟೀನುಗಳಿಗೂ ರಕ್ತನಾಳದ ಗೋಡೆಗೂ ಅಂಟಿಕೊಳ್ಳುವುದರಿಂದ, ಒಂದೇ ಪ್ರಮಾಣ ಒಬ್ಬರಿಗೆ ಹೆಚ್ಚಾದರೆ ಇನ್ನೊಬ್ಬರಿಗೆ ಸಾಲದೆ ಹೋಗುತ್ತದೆ. ಹಾಗಾಗಿ ಡ್ರಿಪ್‌ನಲ್ಲಿ ಕೊಡುವಾಗ ಆರು ಗಂಟೆಗೊಮ್ಮೆ ಎಪಿಟಿಟಿ ಎಂಬ ರಕ್ತ ಪರೀಕ್ಷೆ ಮಾಡಿ ವೇಗವನ್ನು ಹೆಚ್ಚು ಕಡಿಮೆ ಮಾಡಬೇಕಾಗುತ್ತದೆ.

ಈ ಸರಪಳಿಗಳನ್ನು ರಾಸಾಯನಿಕವಾಗಿ ತುಂಡರಿಸಿದಾಗ ಸಿಗುವುದು ಕಡಿಮೆ ಅಣುತೂಕದ ಹೆಪಾರಿನ್. ಇನಾಕ್ಸಪರಿನ್ ಈ ಗುಂಪಿನ ಚಿರಪರಿಚಿತ ಹೆಸರು. ಇದರ ಸರಾಸರಿ ತೂಕ 4,000ದಿಂದ 5,000 ಡಾಲ್ಟನ್. ಹೆಚ್ಚಿನ ತುಣುಕುಗಳು ಥ್ರಾಂಬಿನ್‌ವರೆಗೆ ಚಾಚಲಾರವು, ಟೆನ್-ಎ ಮೇಲೆಯೇ ಅವುಗಳ ಹಿಡಿತ ಹೆಚ್ಚು. ಅಲ್ಲಿ ಇಲ್ಲಿ ಅಂಟಿಕೊಳ್ಳದ ಕಾರಣ ಪರಿಣಾಮವನ್ನು ಮೊದಲೇ ಊಹಿಸಬಹುದು. ದೇಹದ ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂನಂತೆ ಹನ್ನೆರಡು ಗಂಟೆಗೊಮ್ಮೆ ಹೊಟ್ಟೆಯ ಚರ್ಮದಡಿ ಚುಚ್ಚಿದರೆ ಸಾಮಾನ್ಯವಾಗಿ ಪರೀಕ್ಷೆಯ ಅಗತ್ಯವೇ ಬೀಳುವುದಿಲ್ಲ. ರೋಗಿ ಮನೆಯಲ್ಲೇ ಚುಚ್ಚಿಕೊಳ್ಳಬಹುದು. ಇದು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ, ಕಿಡ್ನಿ ಸೋತವರಲ್ಲಿ ಮಾತ್ರ ಔಷಧಿ ಮೈಯಲ್ಲಿ ಶೇಖರವಾಗುವ ಅಪಾಯವಿದೆ.

ಫಾಂಡಾಪರಿನಕ್ಸ್ ಈ ದಾರಿಯ ಕೊನೆಯ ಹೆಜ್ಜೆ. ಆ ಐದು ಸಕ್ಕರೆಗಳ ತುಣುಕನ್ನಷ್ಟೇ ಪ್ರಯೋಗಾಲಯದಲ್ಲಿ ಕೃತಕವಾಗಿ ಕಟ್ಟಿದ್ದಾರೆ, ಪ್ರಾಣಿಯ ಅಂಶವಿಲ್ಲ. ಇದು ಟೆನ್-ಎಯನ್ನು ಮಾತ್ರ ತಡೆಯುತ್ತದೆ. ರಕ್ತದಲ್ಲಿನ ಪ್ರಮಾಣ ಅರ್ಧಕ್ಕಿಳಿಯಲು 17ರಿಂದ 21 ಗಂಟೆ ಬೇಕಾಗುವುದರಿಂದ ದಿನಕ್ಕೊಂದೇ ಚುಚ್ಚುಮದ್ದು ಸಾಕು. ಕಿಡ್ನಿ ತೀರಾ ದುರ್ಬಲವಾಗಿದ್ದರೆ ಇದನ್ನು ಕೊಡುವಂತಿಲ್ಲ.

ಔಷಧಿಯ ಪರಿಣಾಮವನ್ನು ಹಿಂದಕ್ಕೆ ತೆಗೆಯಬೇಕಾದ ಸಂದರ್ಭ ಬಂದಾಗ ಉದ್ದದ ಲೆಕ್ಕ ತಿರುಗುಮುರುಗಾಗುತ್ತದೆ. ಸಾಲ್ಮನ್ ಮೀನಿನ ವೀರ್ಯದಿಂದ ಮೊದಲು ಪಡೆದ ಪ್ರೊಟಮಿನ್ ಧನ ವಿದ್ಯುದಂಶವುಳ್ಳ ಪ್ರೋಟೀನು. ಋಣ ವಿದ್ಯುದಂಶ ತುಂಬಿದ ಹೆಪಾರಿನ್‌ಗೆ ಅದು ಗಟ್ಟಿಯಾಗಿ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಸರಪಳಿ ಉದ್ದವಿದ್ದಷ್ಟೂ ಹಿಡಿತ ಬಲವಾಗುತ್ತದೆ. ಸುಮಾರು 100 ಯೂನಿಟ್ ಹೆಪಾರಿನ್‌ಗೆ 1 ಮಿಲಿಗ್ರಾಂ ಪ್ರೊಟಮಿನ್ ಬೇಕು. 60 ಕಿಲೋ ತೂಕದ ರೋಗಿಗೆ ಗಂಟೆಗೆ 1,080 ಯೂನಿಟ್‌ನಂತೆ ಡ್ರಿಪ್ ಹರಿಯುತ್ತಿರುವಾಗ ರಕ್ತಸ್ರಾವ ಆರಂಭವಾಯಿತು ಎಂದುಕೊಂಡರೆ, ಕಳೆದ ಕೆಲವು ಗಂಟೆಗಳ ಔಷಧಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು, ಏಕೆಂದರೆ ಸುಮಾರು ಗಂಟೆಗೊಮ್ಮೆ ಅದರ ಅರ್ಧ ಕರಗಿಹೋಗುತ್ತದೆ. ಕೊನೆಯ ಗಂಟೆಯ 1,080, ಅದರ ಹಿಂದಿನ ಗಂಟೆಯದರಲ್ಲಿ ಉಳಿದ 540, ಅದಕ್ಕೂ ಹಿಂದಿನದರಲ್ಲಿ ಉಳಿದ 270 ಸೇರಿ 1,890 ಯೂನಿಟ್. ಅಂದರೆ 19 ಮಿಲಿಗ್ರಾಂ ಪ್ರೊಟಮಿನ್ ಸಾಕು. ಒಮ್ಮೆಗೆ 50 ಮಿಲಿಗ್ರಾಂ ಮೀರಬಾರದು, ರಕ್ತನಾಳಕ್ಕೆ ಬಹಳ ನಿಧಾನವಾಗಿ ಕೊಡಬೇಕು. ಅವಸರ ಮಾಡಿದರೆ ರಕ್ತದೊತ್ತಡ ಕುಸಿಯುತ್ತದೆ. ಮೀನಿನ ಅಲರ್ಜಿ ಇರುವವರಲ್ಲಿ, ಪ್ರೊಟಮಿನ್ ಬೆರೆತ ಎನ್‌ಪಿಎಚ್ ಇನ್ಸುಲಿನ್ ತೆಗೆದುಕೊಂಡವರಲ್ಲಿ ತೀವ್ರ ಅಲರ್ಜಿಯ ಭಯವೂ ಇದೆ. ಅಗತ್ಯಕ್ಕಿಂತ ಹೆಚ್ಚಾದರೆ ಪ್ರೊಟಮಿನ್ನೇ ರಕ್ತಸ್ರಾವಕ್ಕೆ ಕಾರಣವಾಗಬಲ್ಲದು.

ಇನಾಕ್ಸಪರಿನ್ ವಿಷಯದಲ್ಲಿ ಪ್ರೊಟಮಿನ್ ಅರ್ಧ ಗೆಲುವು ಮಾತ್ರ. ಉದ್ದನೆಯ ತುಣುಕುಗಳನ್ನು ಹಿಡಿದು ಥ್ರಾಂಬಿನ್ ಮೇಲಿನ ತಡೆಯನ್ನು ಪೂರ್ತಿ ತೆಗೆಯುತ್ತದೆ, ಗಿಡ್ಡ ತುಣುಕುಗಳು ತಪ್ಪಿಸಿಕೊಳ್ಳುತ್ತವೆ. ಟೆನ್-ಎ ಮೇಲಿನ ತಡೆ ಶೇಕಡಾ 60ರಷ್ಟು ಮಾತ್ರ ಹೋಗುತ್ತದೆ. ಫಾಂಡಾಪರಿನಕ್ಸ್‌ನ ಮೇಲಂತೂ ಪ್ರೊಟಮಿನ್‌ಗೆ ಯಾವ ಹಿಡಿತವೂ ಇಲ್ಲ. ಆದ್ದರಿಂದಲೇ ಯಾವ ಕ್ಷಣದಲ್ಲಾದರೂ ಶಸ್ತ್ರಚಿಕಿತ್ಸೆ ಬೇಕಾಗಬಹುದಾದ ರೋಗಿಗೆ ಹಳೆಯ ಹೆಪಾರಿನ್ ಡ್ರಿಪ್ಪೇ ಇಂದಿಗೂ ಮೊದಲ ಆಯ್ಕೆ.

ಉದ್ದನೆಯ ಸರಪಳಿಗೆ ಇನ್ನೊಂದು ಅಪಾಯವಿದೆ. ಪ್ಲೇಟ್‌ಲೆಟ್‌ಗಳು ಹೊರಬಿಡುವ ಪಿಎಫ್-4 ಎಂಬ ಪ್ರೋಟೀನು ಹೆಪಾರಿನ್ ಜೊತೆ ಕೂಡಿ ದೊಡ್ಡ ಗಂಟುಗಳಾದಾಗ, ಕೆಲವರ ದೇಹ ಅವನ್ನು ಶತ್ರುವೆಂದು ತಿಳಿದು ಪ್ರತಿಕಾಯಗಳನ್ನು ತಯಾರಿಸುತ್ತದೆ. ಆ ಪ್ರತಿಕಾಯಗಳು ಪ್ಲೇಟ್‌ಲೆಟ್‌ಗಳನ್ನು ಕೆರಳಿಸುತ್ತವೆ. ಕೆರಳಿದ ಪ್ಲೇಟ್‌ಲೆಟ್‌ಗಳು ಹೆಪ್ಪು ಕಟ್ಟುವುದರಲ್ಲೇ ಖರ್ಚಾಗಿ ಸಂಖ್ಯೆ ಇಳಿಯುತ್ತದೆ. ಇದೇ ಹಿಟ್, ಅಂದರೆ ಹೆಪಾರಿನ್‌ನಿಂದಾಗುವ ಪ್ಲೇಟ್‌ಲೆಟ್ ಕುಸಿತ. ಡೆಂಗಿ ಜ್ವರದ ಕಾಲದಲ್ಲಿ ಪ್ಲೇಟ್‌ಲೆಟ್ ಇಳಿಯಿತೆಂದರೆ ರಕ್ತಸ್ರಾವದ ಭಯ ಎಂದು ಮನೆಮನೆಯವರೂ ಬಲ್ಲರು. ಇಲ್ಲಿ ನಿಜವಾದ ಭಯ ಹೆಪ್ಪಿನದು. ಪ್ಲೇಟ್‌ಲೆಟ್ ಏರಿಸಿದರೆ ಬೆಂಕಿಗೆ ತುಪ್ಪ ಸುರಿಯುವ ಸಂಭವವಿದೆ, ಹಾಗಾಗಿ ರಕ್ತಸ್ರಾವವಿಲ್ಲದೆ ಏರಿಸುವುದಿಲ್ಲ.

ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾದ 64 ವರ್ಷದ ಮಹಿಳೆಯೊಬ್ಬರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೊದಲ ದಿನದಿಂದ ಸಾಮಾನ್ಯ ಹೆಪಾರಿನ್ ಚುಚ್ಚುಮದ್ದು ನಡೆದಿದೆ. ಪ್ಲೇಟ್‌ಲೆಟ್ ಮೊದಲು 2,40,000 ಇತ್ತು, ನಾಲ್ಕನೇ ದಿನವೂ ಹೆಚ್ಚು ಕಡಿಮೆ ಅಷ್ಟೇ. ಏಳನೇ ದಿನ 95,000, ಜೊತೆಗೆ ಎಡಗಾಲಿನಲ್ಲಿ ಊತ, ಸ್ಕ್ಯಾನ್‌ನಲ್ಲಿ ಹೊಸ ಹೆಪ್ಪು. ವೈದ್ಯರು ನಾಲ್ಕು ಪ್ರಶ್ನೆಗಳಿಗೆ ತಲಾ 2ರವರೆಗೆ ಅಂಕ ಕೊಡುತ್ತಾರೆ. ಕುಸಿತ ಅರ್ಧಕ್ಕಿಂತ ಹೆಚ್ಚೇ? ಐದರಿಂದ ಹತ್ತನೇ ದಿನದೊಳಗೆ ಆಯಿತೇ? ಹೊಸ ಹೆಪ್ಪು ಕಟ್ಟಿದೆಯೇ? ಬೇರೆ ಕಾರಣ ಇಲ್ಲವೇ? ಸೋಂಕಾಗಲಿ ಬೇರೆ ಔಷಧಿಯ ದೋಷವಾಗಲಿ ಇಲ್ಲದ ಈಕೆಗೆ 8ಕ್ಕೆ 8 ಬರುತ್ತದೆ. ಮೂರು ಅಥವಾ ಅದಕ್ಕಿಂತ ಕಡಿಮೆ ಬಂದಿದ್ದರೆ ಹಿಟ್ ಇರುವ ಸಂಭವ ತೀರಾ ಕಡಿಮೆ ಎಂದು ಧೈರ್ಯವಾಗಿ ಹೇಳಬಹುದಿತ್ತು.

ಪ್ರತಿಕಾಯ ಪರೀಕ್ಷೆಗೆ ರಕ್ತ ಕಳಿಸಬೇಕು, ಆದರೆ ವರದಿಗಾಗಿ ಕಾಯುವಂತಿಲ್ಲ. ಹೆಪಾರಿನ್ ತಕ್ಷಣ ನಿಲ್ಲಬೇಕು. ಸೂಜಿಯ ಕೊಳವೆ ಕಟ್ಟಿಕೊಳ್ಳದಿರಲೆಂದು ಹಾಯಿಸುವ ಹೆಪಾರಿನ್ ನೀರೂ ಸೇರಿದಂತೆ. ಮರೆತು ಬಿಡುವುದು ಹೆಚ್ಚಾಗಿ ಇದನ್ನೇ. ನಿಲ್ಲಿಸಿದರಷ್ಟೇ ಸಾಲದು, ಹೆಪ್ಪುಗಟ್ಟುವ ಒಲವು ಇನ್ನೂ ಉಳಿದಿರುವುದರಿಂದ ಬೇರೆ ಔಷಧಿ ಬೇಕೇ ಬೇಕು. ಇನಾಕ್ಸಪರಿನ್‌ಗೆ ಬದಲಿಸುವುದು ತಪ್ಪು. ಅದರಿಂದ ಹಿಟ್ ಹುಟ್ಟುವುದು ಅಪರೂಪವಾದರೂ, ಒಮ್ಮೆ ಹುಟ್ಟಿದ ಪ್ರತಿಕಾಯ ಅದನ್ನೂ ಗುರುತಿಸುತ್ತದೆ. ಫಾಂಡಾಪರಿನಕ್ಸ್ ತೀರಾ ಗಿಡ್ಡವಾದ್ದರಿಂದ ಪ್ರತಿಕಾಯ ಹಿಡಿಯುವಂಥ ಗಂಟುಗಳನ್ನು ಸಾಮಾನ್ಯವಾಗಿ ಕಟ್ಟಲಾರದು. ಕಿಡ್ನಿ ಚೆನ್ನಾಗಿರುವ, 60 ಕಿಲೋ ತೂಗುವ ಈಕೆಗೆ ದಿನಕ್ಕೆ 7.5 ಮಿಲಿಗ್ರಾಂ ಕೊಡಬಹುದು. ಕಿಡ್ನಿ ಸೋತಿದ್ದರೆ ಯಕೃತ್ತಿನ ಮೂಲಕ ಹೊರಹೋಗುವ ಅರ್ಗಟ್ರೋಬಾನ್ ಡ್ರಿಪ್ ಸೂಕ್ತ. ವಾರ್ಫರಿನ್ ಮಾತ್ರೆಯನ್ನು ಪ್ಲೇಟ್‌ಲೆಟ್ 1,50,000 ತಲುಪುವ ಮೊದಲು ಆರಂಭಿಸಬಾರದು. ಅದು ಮೊದಲ ದಿನಗಳಲ್ಲಿ ದೇಹದ ಸ್ವಂತ ಹೆಪ್ಪುನಿರೋಧಕವಾದ ಪ್ರೋಟೀನ್ ಸಿಯನ್ನು ಕುಗ್ಗಿಸಿ, ಕೈಕಾಲು ಕೊಳೆಯುವ ಸ್ಥಿತಿಗೂ ತರಬಲ್ಲದು.

ಪ್ರತಿಕಾಯಗಳು ಶಾಶ್ವತವಲ್ಲ, ಸುಮಾರು ನೂರು ದಿನಗಳಲ್ಲಿ ಹೆಚ್ಚಿನವರಲ್ಲಿ ಮರೆಯಾಗುತ್ತವೆ. ಹಾಗಿದ್ದರೂ ಹಿಟ್ ಆಗಿತ್ತೆಂಬುದು ರೋಗಿಯ ದಾಖಲೆಯಲ್ಲಿ ಕಾಯಂ ಆಗಿ ಉಳಿಯಬೇಕು. ಮುಂದೆಂದಾದರೂ ಹೃದಯದ ತೆರೆದ ಶಸ್ತ್ರಚಿಕಿತ್ಸೆ ಬೇಕಾದರೆ, ಪ್ರತಿಕಾಯ ಇಲ್ಲವೆಂದು ಪರೀಕ್ಷೆಯಲ್ಲಿ ಖಚಿತಪಡಿಸಿಕೊಂಡು ಆಪರೇಷನ್ ನಡೆಯುವಷ್ಟು ಹೊತ್ತು ಮಾತ್ರ ಹೆಪಾರಿನ್ ಬಳಸಬಹುದು. ಅದರ ಮೊದಲೂ ನಂತರವೂ ಬೇರೆ ಔಷಧಿಯೇ ಆಗಬೇಕು.